ಚೀಟಿ ಬಂದಿದೆ, ಹೆದರಬೇಡಿ

ಶಾಲೆಯಿಂದ ಚೀಟಿ ಬಂದರೆ ನಮ್ಮ ಕಡೆಯ ಮನೆಗಳಲ್ಲಿ ಮೊದಲು ಕೇಳುವ ಮಾತು ಒಂದೇ: 'ಏನು ಮಾಡ್ಕೊಂಡು ಬಂದೆ?' ಚೀಟಿ ಬರುವುದು ಫೀಸು ಬಾಕಿಯಿದ್ದಾಗ, ಇಲ್ಲವೇ ಹುಡುಗ ಯಾರದೋ ತಲೆ ಒಡೆದಾಗ. ಹದಿನೈದು ವರ್ಷದಿಂದ ಶಾಲಾ ಗ್ರಂಥಪಾಲಕಿಯಾಗಿರುವ ನನಗೆ ಇದು ತಿಳಿಯದ ವಿಷಯವಲ್ಲ. ಆದರೂ ಪೋಷಕರನ್ನು ಓದಿನ ಬಳಗಕ್ಕೆ ಕರೆಯಲು ಮೊದಲ ಪತ್ರ ಬರೆದ ದಿನ ಅದನ್ನು ಮರೆತೇಬಿಟ್ಟಿದ್ದೆ.

ಆ ಪತ್ರ ಹೀಗೆ ಶುರುವಾಗುತ್ತಿತ್ತು: 'ಮಾನ್ಯ ಪೋಷಕರೇ, ಸಂವಾದದ ಮೂಲಕ ಪರಸ್ಪರ ಅರಿವನ್ನು ವೃದ್ಧಿಸುವ ಸದುದ್ದೇಶದಿಂದ ನಮ್ಮ ಗ್ರಂಥಾಲಯವು ಓದುಗ ವೃತ್ತವನ್ನು ಆಯೋಜಿಸಿದ್ದು, ತಾವು ತಪ್ಪದೇ ಹಾಜರಾಗತಕ್ಕದ್ದು.' ಜೊತೆಗೆ ಹದಿನೆಂಟು ಪುಟದ ಒಂದು ಕಥೆಯ ಜೆರಾಕ್ಸ್, 'ಓದಿಕೊಂಡು ಬರುವುದು' ಎಂಬ ಸೂಚನೆ. ನಲವತ್ತು ಮಕ್ಕಳ ಚೀಲದಲ್ಲಿ ನಲವತ್ತು ಪತ್ರ ಹೋದವು. ಬಂದವರು ಮೂವರು. ಅವರಲ್ಲಿ ಇಬ್ಬರು ಬೇರೆ ಶಾಲೆಗಳ ಶಿಕ್ಷಕರು, ಮೂರನೆಯವರು ಮಗನ ಟಿ.ಸಿ. ಕೇಳಲು ಬಂದಿದ್ದವರು.

'ಹಾಜರಾಗತಕ್ಕದ್ದು' ಎಂಬ ಪದವನ್ನು ಕೋರ್ಟಿನ ಅಮೀನರಿಗೆ ಬಿಟ್ಟುಕೊಡಬೇಕಿತ್ತು. ಆದರೆ ತಪ್ಪು ಭಾಷೆಯದೊಂದೇ ಅಲ್ಲ. ಮೂರ್ನಾಲ್ಕು ತಾಯಂದಿರನ್ನು ಗೇಟಿನ ಹತ್ತಿರ ನಿಲ್ಲಿಸಿ ವಿಚಾರಿಸಿದೆ. ಒಬ್ಬಾಕೆ ತಲೆ ತಗ್ಗಿಸಿ, 'ನಂಗೆ ಅಷ್ಟೊಂದು ಓದೋಕೆ ಬರಲ್ಲ ಮೇಡಂ, ಅಲ್ಲಿ ಎಲ್ಲರ ಮುಂದೆ ಕೇಳ್ಬುಟ್ರೆ?' ಎಂದರು. ಓದು ಬಲ್ಲ ಇನ್ನೊಬ್ಬರ ಕಾರಣ ಬೇರೆ. 'ಅವತ್ತು ನಮ್ಮ ಹುಳು ನಾಲ್ಕನೇ ಜ್ವರ ಎದ್ದಿದ್ವು.'

ಇದು ರೇಷ್ಮೆ ಸೀಮೆ. ಇಲ್ಲಿ ಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹಣ್ಣಾಗುವವರೆಗಿನ ಒಂದು ವಾರ ಹುಳು ತಿನ್ನುವ ಸೊಪ್ಪಿಗೆ ಲೆಕ್ಕವಿಲ್ಲ. ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವ ದಿನವಂತೂ ಮನೆಯವರಿಗೆ ಊಟಕ್ಕೂ ಬಿಡುವಿರುವುದಿಲ್ಲ. ಅಂಥ ವಾರದಲ್ಲಿ ಕಥೆ ಓದಲು ಬನ್ನಿ ಎಂದು ಕರೆದ ನನ್ನನ್ನು ಅವರು ಬೈಯದೆ ಬಿಟ್ಟದ್ದೇ ದೊಡ್ಡದು. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗುವವರಿಗೆ ಬೆಳಗ್ಗೆ ಆಗದು, ಚನ್ನಪಟ್ಟಣದಲ್ಲಿ ಗೊಂಬೆ ಕೆಲಸಕ್ಕೆ ಹೋಗುವ ಹೆಂಗಸರಿಗೆ ಸಂಜೆಯವರೆಗೆ ಆಗದು, ಬಿಡದಿಯ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗುವವರ ದಿನ ವಾರಕ್ಕೊಮ್ಮೆ ಬದಲಾಗುತ್ತದೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಿಸಿಕೊಂಡ ಈ ಸೀಮೆಯಲ್ಲಿ ಎಲ್ಲರಿಗೂ ಒಗ್ಗುವ ಒಂದು ಗಂಟೆಯನ್ನು ಶಾಲೆಯ ಆಫೀಸಿನಲ್ಲಿ ಕೂತು ಗೊತ್ತುಮಾಡಲು ಸಾಧ್ಯವಿಲ್ಲ. ಕೇಳಿಯೇ ತಿಳಿಯಬೇಕು.

ಎರಡನೇ ಪತ್ರವನ್ನು ಮಕ್ಕಳ ಕೈಯಲ್ಲೇ ಬರೆಸಿದೆ. ನಾನು ಹೇಳುತ್ತಾ ಹೋದೆ, ಅವರು ತಮ್ಮ ಮನೆಯವರನ್ನು ಕರೆಯುವ ಹೆಸರಿನಿಂದ ಶುರುಮಾಡಿದರು:

'ಅವ್ವ, ಅಪ್ಪ, ಅಜ್ಜಿ — ಯಾರು ಬಂದರೂ ಸರಿ. ಇದು ಫೀಸಿನ ಚೀಟಿಯಲ್ಲ, ದೂರಿನ ಚೀಟಿಯೂ ಅಲ್ಲ. ನಮ್ಮ ಲೈಬ್ರರಿ ಮೇಡಂ ಒಂದು ಪದ್ಯ ಓದುತ್ತಾರೆ. ಪುಣ್ಯಕೋಟಿಯ ಪದ್ಯ, ನಿಮಗೆ ಗೊತ್ತಿರುವುದೇ. ನೀವು ಏನೂ ಓದಿಕೊಂಡು ಬರಬೇಕಾಗಿಲ್ಲ, ಅಲ್ಲಿಯೂ ಓದಬೇಕಾಗಿಲ್ಲ. ಕೇಳಿಸಿಕೊಂಡು ಅನ್ನಿಸಿದ್ದು ಹೇಳಬಹುದು, ಸುಮ್ಮನೆ ಕೂರಲೂಬಹುದು. ಕನ್ನಡದಲ್ಲೇ ಹೇಳಬೇಕೆಂದಿಲ್ಲ, ಉರ್ದು, ತೆಲುಗು, ತಮಿಳು ನಡೆಯುತ್ತದೆ. ನಮ್ಮ ಮಾರ್ಕ್ಸಿನ ಮಾತು ಅಲ್ಲಿ ಬರುವುದಿಲ್ಲ. ಹತ್ತು ಹನ್ನೆರಡು ಜನ ಇರುತ್ತೀರಿ. ಒಂದೂಕಾಲು ಗಂಟೆಯಲ್ಲಿ ಮುಗಿಯುತ್ತದೆ. ಚಿಕ್ಕ ಮಗು ಇದ್ದರೆ ಕರೆದುಕೊಂಡೇ ಬನ್ನಿ. ನಿಮಗೆ ಯಾವ ವಾರ, ಯಾವ ಹೊತ್ತು ಆಗುತ್ತದೆ? ಇದರ ಕೆಳಗೆ ಗುರುತು ಹಾಕಿ ಕಳಿಸಿ.'

ಕೆಳಗೆ ನಾಲ್ಕು ಭಾನುವಾರಗಳು, ಪ್ರತಿಯೊಂದರ ಮುಂದೆ ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂದು ಮೂರು ಚೌಕ. ಇಪ್ಪತ್ತಾರು ಚೀಟಿ ವಾಪಸು ಬಂದವು. ಒಂದರಲ್ಲಿ ಚೌಕದ ಬದಲು ಹೆಬ್ಬೆಟ್ಟಿತ್ತು, ಮೂರನೇ ಭಾನುವಾರದ ಮೇಲೆ. ಅದನ್ನು ನಾನು ತೆಗೆದಿಟ್ಟುಕೊಂಡಿದ್ದೇನೆ.

'ಮಾರ್ಕ್ಸಿನ ಮಾತು ಬರುವುದಿಲ್ಲ' ಎಂಬ ವಾಕ್ಯಕ್ಕೆ ಸಹೋದ್ಯೋಗಿಗಳು ತಕರಾರು ಮಾಡಿದರು. ಮಕ್ಕಳ ಓದು ಸುಧಾರಿಸುತ್ತದೆ ಎಂದು ಬರೆದರೆ ಜಾಸ್ತಿ ಜನ ಬರುತ್ತಾರಲ್ಲ ಎಂದರು. ಬರುತ್ತಾರೆ, ನಿಜ. ಆದರೆ ಬಂದವರು ಮಗನ ಬಗ್ಗೆ ಕೇಳಲು ತಮ್ಮ ಸರದಿ ಕಾಯುತ್ತಾ ಕೂರುತ್ತಾರೆ, ಕಥೆ ಅವರ ಕಿವಿಗೇ ಬೀಳುವುದಿಲ್ಲ.

ಒಬ್ಬರು ಓದಿ ಹತ್ತಾರು ಜನ ಕೇಳುವುದು ನಮಗೆ ಹೊಸದೇನಲ್ಲ. ಗಮಕದಲ್ಲಿ ವಾಚನಕಾರರು ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ರಾಗವಾಗಿ ಓದುತ್ತಾರೆ, ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ. ಮಳೆ ಹೋದರೆ ವಿರಾಟಪರ್ವ ಓದಿಸುವ ಪದ್ಧತಿ ಹಳೇ ಮೈಸೂರಿನ ಹಳ್ಳಿಗಳಲ್ಲಿತ್ತು. ಅಕ್ಷರ ಬಾರದವರೂ ಭಾರತವನ್ನು ಬಾಯಲ್ಲಿ ಆಡುತ್ತಿದ್ದದ್ದು ಹೀಗೆ ಕೇಳಿಯೇ. ಓದಲು ಬಾರದವರು ಚರ್ಚಿಸಲಾರರು ಎಂಬ ನನ್ನ ಮೊದಲ ಪತ್ರದ ಎಣಿಕೆ ಎಷ್ಟು ತಪ್ಪೆಂದು ತಿಳಿಯಲು ಇಷ್ಟು ನೆನಪಾದರೆ ಸಾಕಿತ್ತು. ಬಳಗಕ್ಕೂ ಗಮಕಕ್ಕೂ ಇರುವ ವ್ಯತ್ಯಾಸವೆಂದರೆ ಇಲ್ಲಿ ವ್ಯಾಖ್ಯಾನಕಾರರ ಪೀಠ ಖಾಲಿ. ಅದರಲ್ಲಿ ಗ್ರಂಥಪಾಲಕರು ಹೋಗಿ ಕೂತರೆ ಬಳಗ ಮುಗಿದ ಹಾಗೆ.

ಆ ಪೀಠವನ್ನು ಖಾಲಿ ಇಡುವುದು ಹೇಗೆ ಎಂಬುದಕ್ಕೆ ಹೊರಗಿನವರು ಯೋಚಿಸಿ ಇಟ್ಟಿರುವ ಕೆಲವು ಉಪಾಯಗಳಿವೆ. ಅಮೆರಿಕದಲ್ಲಿ 1947ರಲ್ಲಿ ಶುರುವಾದ ಗ್ರೇಟ್ ಬುಕ್ಸ್ ಫೌಂಡೇಶನ್ನಿನ ಬಳಗಗಳಲ್ಲಿ ಮುಂದಾಳು ಪ್ರಶ್ನೆ ಮಾತ್ರ ಕೇಳಬೇಕು, ಉತ್ತರ ಹೇಳಕೂಡದು. ಕೇಳುವ ಪ್ರಶ್ನೆಗೆ ಅವನಿಗೇ ಖಚಿತ ಉತ್ತರ ಗೊತ್ತಿರಬಾರದು. ಓದದೇ ಬಂದವರು ಮಾತಾಡುವಂತಿಲ್ಲ ಎಂಬ ನಿಯಮವೂ ಅಲ್ಲಿದೆ. ಅದನ್ನು ನಾವು ಸ್ಥಳದಲ್ಲೇ ಗಟ್ಟಿಯಾಗಿ ಓದಿ ಪೂರೈಸುತ್ತೇವೆ. ಇಂಗ್ಲೆಂಡಿನ ಮಕ್ಕಳ ಸಾಹಿತಿ ಏಡನ್ ಚೇಂಬರ್ಸ್ ಇನ್ನೊಂದು ಸಣ್ಣ ಉಪಾಯ ಹೇಳಿದ್ದಾರೆ: ಮಾತಾಡಿದವರನ್ನು 'ಯಾಕೆ?' ಎಂದು ಕೇಳಬೇಡಿ, 'ಹೇಳಿ' ಎನ್ನಿ. ಇದು ಕನ್ನಡಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. 'ಯಾಕೆ ಹಂಗಂತೀರಿ?' ಎಂದರೆ ನಮ್ಮಲ್ಲಿ ಅದು ಪ್ರಶ್ನೆಯಲ್ಲ, ಜಗಳದ ಮೊದಲ ಮಾತು. 'ಸ್ವಲ್ಪ ಬಿಡಿಸಿ ಹೇಳಿ' ಎಂದರೆ ಅದೇ ಮನುಷ್ಯ ಕಾಲು ಮಡಿಚಿ ಸರಿಯಾಗಿ ಕೂರುತ್ತಾನೆ.

ಗೋವಿನ ಹಾಡನ್ನು ಆರಿಸಲು ಕಾರಣಗಳಿದ್ದವು. ಇಲ್ಲಿನ ಬಹುಪಾಲು ಮನೆಗಳಲ್ಲಿ ಅದು ಯಾರಿಗಾದರೂ ಗೊತ್ತು. ಗಟ್ಟಿಯಾಗಿ ಓದಲು ಕಾಲು ಗಂಟೆ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಅದರಲ್ಲಿ ಇರುವುದು ಹಸು, ಹುಲಿ, ಕರು. ನಮ್ಮ ಬೀದಿಯ ಜಾತಿಯಾಗಲಿ, ಯಾರದೋ ಮನೆಯ ಜಗಳವಾಗಲಿ ನೇರವಾಗಿ ಬರುವುದಿಲ್ಲ. ಈ ದೂರ ಎಷ್ಟು ಬೇಕೆಂದು ಆಮೇಲೆ ಒಂದು ಸಲ ಎಡವಿ ಕಲಿತೆ. ಕುಡುಕ ಅಪ್ಪನಿರುವ ಒಂದು ಒಳ್ಳೆಯ ಕಥೆಯನ್ನೇ ಆರಿಸಿದ್ದೆ. ಅರ್ಧ ಓದುವಷ್ಟರಲ್ಲಿ ಒಬ್ಬ ತಾಯಿ ಎದ್ದು ಸೆರಗು ಸರಿಮಾಡಿಕೊಂಡು ಹೊರಟುಹೋದರು. ಉಳಿದವರೆಲ್ಲ ಅವರ ಬೆನ್ನು ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಥೆಯದು ತಪ್ಪಲ್ಲ, ಆರಿಸಿದ ನನ್ನದು. ಆ ತಾಯಿ ಮತ್ತೆ ಬರಲು ಐದು ತಿಂಗಳು ಹಿಡಿಯಿತು.

ಗೋವಿನ ಹಾಡಿಗೆಂದು ಬಳಗ ಮೊದಲು ಸೇರಿದ ಭಾನುವಾರ ಹನ್ನೊಂದು ಜನ ಬಂದರು. ಮಕ್ಕಳ ಬೆಂಚಿನಲ್ಲಿ ದೊಡ್ಡವರ ಮಂಡಿ ಹಿಡಿಯುವುದಿಲ್ಲ, ಜಮಖಾನ ಹಾಸಿ ಸುತ್ತ ಕೂತೆವು. ಬಂದವರಲ್ಲಿ ಮಾಗಡಿ ಕಡೆ ಸಾವನದುರ್ಗದ ಬುಡದ ಹಳ್ಳಿಯ ಒಬ್ಬರು, ಕನಕಪುರ ರಸ್ತೆಯ ಕಡೆಯಿಂದ ಬಸ್ಸು ಹಿಡಿದು ಬಂದ ಗಂಡ ಹೆಂಡತಿ, ರಾಮನಗರದಲ್ಲಿ ನೂಲು ಬಿಚ್ಚಾಣಿಕೆ ಇಟ್ಟಿರುವ ಒಬ್ಬ ರೀಲರು, ಅವರ ಹಾಗೆಯೇ ಮನೆಯಲ್ಲಿ ಉರ್ದು ಮಾತಾಡುವ ಒಬ್ಬ ಅಜ್ಜಿ ಮತ್ತು ಸೊಸೆ, ಚನ್ನಪಟ್ಟಣದಲ್ಲಿ ಗೊಂಬೆಗೆ ಅರಗಿನ ಬಣ್ಣ ಹಚ್ಚುವ ಇಬ್ಬರು ಇದ್ದರು.

ನಾನು ಹಾಡನ್ನು ಪೂರ್ತಿ ಓದಿದೆ. ಓದಿ ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ಹೊಸಬರು ಎಡವುವುದು ಈ ಮೌನದಲ್ಲೇ. ಕೈಕಾಲು ಆಡುವುದಿಲ್ಲ, 'ಹಾಗಾದರೆ ಇದರ ನೀತಿ ಏನು?' ಎಂದು ಕೇಳಿಬಿಡುತ್ತೇವೆ. ಅದಕ್ಕೆ ಹನ್ನೊಂದು ಬಾಯಲ್ಲೂ ಒಂದೇ ಉತ್ತರ: ಸತ್ಯ ಬಿಡಬಾರದು. ಅಲ್ಲಿಗೆ ಮಾತು ಮುಗಿದು ಕಾಫಿ ಬರುತ್ತದೆ. ನಾನು ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿದೆ. ಹದಿನಾರಕ್ಕೆ ಮಾಗಡಿ ಕಡೆಯವರು ಬಾಯಿಬಿಟ್ಟರು: 'ನಮ್ಮೂರ ಚಿರತೆ ಹಿಂಗೆಲ್ಲ ಮಾತು ಕೇಳಲ್ಲ ಮೇಡಂ. ಹೋದ ತಿಂಗಳು ಎರಡು ಮೇಕೆ ಹೊತ್ಕೊಂಡೋಯ್ತು.'

ಎಲ್ಲರೂ ನಕ್ಕರು. ಇದು ವಿಷಯಾಂತರವೆಂದು ತಡೆಯುವ ಆಸೆಯಾಯಿತು, ತಡೆದುಕೊಂಡೆ. ಕನಕಪುರದ ಕಡೆಯವರು ಆನೆಯ ವಿಷಯ ತೆಗೆದರು. ಆಮೇಲೆ ರೀಲರು, 'ಅದೂ ಹಸ್ಕೊಂಡೇ ಬಂದಿತ್ತಲ್ವಾ, ಹುಲಿದೇನು ತಪ್ಪು?' ಎಂದರು. ಮಾತು ತಾನಾಗಿಯೇ ಹಾಡಿಗೆ ಹಿಂತಿರುಗಿತ್ತು.

ಆಗ ನಾನು ತಂದಿದ್ದ ಒಂದೇ ಒಂದು ಪ್ರಶ್ನೆ ಇಟ್ಟೆ: ಹುಲಿ ಹಸುವನ್ನು ಬಿಟ್ಟು ಸುಮ್ಮನೆ ತನ್ನ ಗವಿಗೆ ಹೋಗಬಹುದಿತ್ತು. ಯಾಕೆ ಪ್ರಾಣ ಬಿಟ್ಟಿತು? ನನಗೆ ಇವತ್ತಿಗೂ ಇದರ ಉತ್ತರ ಗೊತ್ತಿಲ್ಲ. ಪಾಪಕ್ಕೆ ಹೆದರಿ ಎಂದರು ಒಬ್ಬರು. ನಾಚಿಕೆಯಿಂದ ಎಂದರು ಇನ್ನೊಬ್ಬರು. ರೀಲರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, 'ವಾಪಸ್ ಬರಲ್ಲ ಅಂದ್ಕೊಂಡು ಬಿಟ್ಟಿದ್ದು ಅದು. ಬಂದ್ಬಿಟ್ಳು. ಈಗ ಮಾರನೇ ದಿನ ಬೇರೆ ಹಸು ಹಿಡಿಯೋಕೆ ಅದಕ್ಕೆ ಮನಸ್ಸು ಬರುತ್ತಾ? ಹುಲಿ ಹುಲ್ಲು ತಿನ್ನೋಕಾಗಲ್ಲವಲ್ಲ,' ಎಂದರು. ಇದನ್ನು ನಾನು ಯಾವ ಪಾಠದ ಟಿಪ್ಪಣಿಯಲ್ಲೂ ಓದಿರಲಿಲ್ಲ.

ಅಜ್ಜಿ ಅಲ್ಲಿಯವರೆಗೂ ಸುಮ್ಮನಿದ್ದವರು ಉರ್ದುವಿನಲ್ಲಿ ಏನೋ ಕೇಳಿದರು. ಸೊಸೆ ಕನ್ನಡ ಮಾಡಿದರು: 'ಕರುನ ಯಾರ ಹತ್ರ ಬಿಟ್ಟೋದ್ಳು ಅಂತ ಕೇಳ್ತಾವ್ರೆ.' ಉತ್ತರ ಹಾಡಿನಲ್ಲೇ ಇರುವ ಪ್ರಶ್ನೆಯಿದು. ಇಂಥದಕ್ಕೆ ಬಾಯಲ್ಲಿ ಉತ್ತರಿಸದೆ ಪುಟ ತೆರೆದು ಮತ್ತೆ ಓದಬೇಕು. ಓದಿದೆ. ಪುಣ್ಯಕೋಟಿ ಹಟ್ಟಿಗೆ ಬಂದು ಕರುವಿಗೆ ಹಾಲು ಕೊಟ್ಟು, ಮಿಕ್ಕ ಹಸುಗಳನ್ನು ತಾಯಂದಿರೇ, ಅಕ್ಕತಂಗಿಯರೇ ಎಂದು ಕರೆದು, ತಬ್ಬಲಿಯಾಗುವ ಕರುವನ್ನು ನಿಮ್ಮ ಮಕ್ಕಳ ಹಾಗೆ ನೋಡಿಕೊಳ್ಳಿ ಎಂದು ಒಪ್ಪಿಸುವ ಭಾಗವದು.

ಮೊದಲ ಸಲ ಓದಿದಾಗ ಈ ಭಾಗ ಎಲ್ಲರ ಕಿವಿಯಿಂದ ಜಾರಿಹೋಗಿತ್ತು. ಎರಡನೇ ಸಲ ಚನ್ನಪಟ್ಟಣದಿಂದ ಬಂದಿದ್ದ ಒಬ್ಬಾಕೆ ಮುಂದಕ್ಕೆ ಬಗ್ಗಿ ಕೂತರು. ಬೆಳಗ್ಗೆ ಮಗುವನ್ನು ಓರಗಿತ್ತಿಯ ಹತ್ತಿರ ಬಿಟ್ಟು ಕೆಲಸಕ್ಕೆ ಹೋಗುವವರು ಅವರು. ಅರ್ಧ ಗಂಟೆಯ ಹಿಂದೆ, 'ಏನೇ ಆಗ್ಲಿ, ಕೊಟ್ಟ ಮಾತು ಮಾತೇ' ಎಂದು ಗಟ್ಟಿಯಾಗಿ ಹೇಳಿದ್ದವರೂ ಅವರೇ. ಈಗ ನಿಧಾನವಾಗಿ, 'ಅವರು ನೋಡ್ಕೋತೀವಿ ಅಂದಿದ್ದಕ್ಕೇ ಅವಳಿಗೆ ವಾಪಸ್ ಹೋಗೋಕಾಗಿದ್ದು. ಯಾರೂ ಇಲ್ದೆ ಇದ್ದಿದ್ರೆ ಮಾತು ಉಳಿಸ್ಕೊಳೋಕೆ ಆಗ್ತಿರ್ಲಿಲ್ಲ,' ಎಂದರು. ಪಕ್ಕದವರು, 'ಹಂಗಾದ್ರೆ ಸತ್ಯ ಅವಳೊಬ್ಬಳದ್ದೇ ಅಲ್ಲ, ಹಟ್ಟಿದು,' ಎಂದರು. ಸುಳ್ಳು ಹೇಳಿದರೂ ಸರಿ, ತಾಯಿ ಹಟ್ಟಿಯಲ್ಲೇ ಉಳಿಯಬೇಕಿತ್ತು ಎಂದು ಮೊದಲಿಂದ ಹಟ ಹಿಡಿದಿದ್ದ ಕನಕಪುರದ ಕಡೆಯ ತಂದೆ ಆಗಲೂ ಒಪ್ಪಲಿಲ್ಲ. ಕರು ಇರು ಎಂದು ಬೇಡಿಕೊಂಡಿತಲ್ಲ, ಅದರ ಮಾತಿಗೆ ಬೆಲೆಯಿಲ್ಲವೇ ಎಂದರು. ಒಪ್ಪದೆಯೇ ಮನೆಗೆ ಹೋದರು. ಆದರೆ ಆ ಹೆಂಗಸು ಏನು ಹೇಳಿದರು ಎಂದು ಅವರನ್ನು ಕೇಳಿದ್ದರೆ ತಪ್ಪಿಲ್ಲದೆ ಹೇಳುತ್ತಿದ್ದರು. ನನ್ನ ಮೊದಲ ಪತ್ರ 'ಪರಸ್ಪರ ಅರಿವು' ಎಂದು ಕೊರೆದದ್ದು ಬಹುಶಃ ಇದನ್ನೇ. ಎದುರಿನವರ ಮಾತನ್ನು ಅವರು ಒಪ್ಪುವ ಹಾಗೆ ತಿರುಗಿ ಹೇಳಲು ಬಂದರೆ ಅದು ಆಗಿದೆ, ಒಮ್ಮತ ಆಗಬೇಕಾಗಿಲ್ಲ.

ಬಳಗ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ನನ್ನ ಹತ್ತಿರ ಒಂದು ಹಾಳೆಯಿದೆ. ಕೂತವರ ಜಾಗಕ್ಕೊಂದು ಚುಕ್ಕಿಯಿಟ್ಟು, ಯಾರು ಯಾರಿಗೆ ಮಾತಾಡಿದರು ಎಂದು ಗೆರೆ ಎಳೆಯುತ್ತೇನೆ. ಗೆರೆಗಳೆಲ್ಲ ನನ್ನ ಚುಕ್ಕಿಗೇ ಬಂದು ಸೇರಿದರೆ ಅದು ಬಳಗವಲ್ಲ, ತರಗತಿ. ಒಂದೇ ಚುಕ್ಕಿಯಿಂದ ಹತ್ತು ಗೆರೆ ಹೊರಟರೆ ಅಲ್ಲೊಬ್ಬರು ಭಾಷಣಕಾರರು ಹುಟ್ಟಿಕೊಂಡಿದ್ದಾರೆ ಎಂದು ಅರ್ಥ. ನಮ್ಮ ಜಿಲ್ಲೆಯಲ್ಲಿ ಅವರಿಗೇನೂ ಬರವಿಲ್ಲ. ಅಂಥವರಿಗೆ ನಾನು ಮುಂದಿನ ಸಲ ಓದುವ ಕೆಲಸ ಕೊಡುತ್ತೇನೆ. ಓದಿದವರು ಮೊದಲ ಅರ್ಧ ಗಂಟೆ ಮಾತಾಡುವಂತಿಲ್ಲ ಎಂಬುದು ನಮ್ಮ ನಿಯಮ. ಮೊದಲ ದಿನದ ಹಾಳೆಯಲ್ಲಿ ಆರಂಭದ ಒಂಬತ್ತು ಗೆರೆಗಳು ನನ್ನ ಕಡೆಗೇ ಇವೆ. ಅಜ್ಜಿಯ ಪ್ರಶ್ನೆಯ ನಂತರದ ಗೆರೆಗಳಲ್ಲಿ ಒಂದೂ ನನ್ನ ಕಡೆ ಇಲ್ಲ. ನೋಡಿ ಖುಷಿಯೂ ಆಯಿತು, ಚೂರು ಹೊಟ್ಟೆಕಿಚ್ಚೂ ಆಯಿತು.

ಹನ್ನೆರಡು ಜನ ದಾಟಿದರೆ ಮೆತ್ತಗೆ ಮಾತಾಡುವವರ ದನಿ ಅಡಗಿಹೋಗುತ್ತದೆ, ಎರಡು ಬಳಗ ಮಾಡಬೇಕು. ಆರಕ್ಕಿಂತ ಕಡಿಮೆಯಾದರೆ ಸುಮ್ಮನೆ ಕೂರಬಯಸುವವರಿಗೆ ಕೂರಲು ಜಾಗವಿರುವುದಿಲ್ಲ, ಎಲ್ಲರೂ ಮಾತಾಡಲೇಬೇಕಾಗುತ್ತದೆ.

ಇಷ್ಟಕ್ಕೆಲ್ಲ ಗ್ರಂಥಪಾಲಕರು ಬೇಕಲ್ಲ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಮಾತು. ಬಹಳ ಶಾಲೆಗಳಲ್ಲಿ ಆ ಹುದ್ದೆಯೇ ಇಲ್ಲ, ಯಾರೋ ಒಬ್ಬ ಮೇಷ್ಟರ ಕೈಯಲ್ಲಿ ಪುಸ್ತಕದ ಬೀರುವಿನ ಬೀಗದ ಕೈ ಇರುತ್ತದೆ. ಆದರೆ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿವೆ, ಈಗ ಅವನ್ನು ಅರಿವು ಕೇಂದ್ರ ಎನ್ನುತ್ತಾರೆ. 2020ರ ನವೆಂಬರಿನಲ್ಲಿ, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, ಸರ್ಕಾರ 'ಓದುವ ಬೆಳಕು' ಶುರುಮಾಡಿ ಹಳ್ಳಿಯ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟಿತು. ಮಕ್ಕಳು ಒಳಗೆ ಹೋದರು. ಅವರನ್ನು ಕರೆದುಕೊಂಡು ಹೋಗಲು ಬರುವ ಅಮ್ಮ, ಅಜ್ಜಿ ಬಾಗಿಲಲ್ಲೇ ಚಪ್ಪಲಿ ಹತ್ತಿರ ನಿಂತು ಕಾಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅವರಿಗೆ ಪತ್ರ ಕೂಡ ಬೇಡ. ಒಳಗೆ ಬನ್ನಿ, ಒಂದು ಪದ್ಯ ಓದ್ತೀನಿ ಎಂದರೆ ಸಾಕು.

ನಮ್ಮ ಬಳಗದ ಮುಂದಿನ ಚೀಟಿ ಸಿದ್ಧವಾಗಿದೆ. ಮೊದಲ ಭಾನುವಾರ ಎಂದು ಬರೆದಿದ್ದೆ, ಮೂರು ಮನೆಗಳಲ್ಲಿ ಆ ವಾರ ಹುಳು ಹಣ್ಣಾಗುತ್ತವಂತೆ. ಹೊಡೆದುಹಾಕಿ ಎರಡನೇ ಭಾನುವಾರ ಎಂದು ತಿದ್ದಿದ್ದೇನೆ.